ಮಂಗಳ ಹಾಡದ ಶುಕ್ರವಾರ

ದುಂಡಸಿಯ ಉಳಿವೆಪ್ಪನಿಗೆ ಗಂಟಲು ಕೊಡುವಾಗ ದೇವರು ಅಳತೆ ಮರೆತಿದ್ದ. ಮೂವತ್ತು ವರ್ಷ ದೊಡ್ಡಾಟದಲ್ಲಿ ಕಥೆ ಹಾಡಿ ನಡೆಸಿದವನು. ವೇಷದವನು ಮಾತು ಮರೆತು ನಿಂತರೆ ಇವನು ಹಾಡಿ ತುಂಬುತ್ತಿದ್ದ. ಕಥೆಯಲ್ಲಿ ಯಾರೇ ಸಾಯಲಿ, ಕೊನೆಗೆ ಮಂಗಳ ಹಾಡಲೇಬೇಕು. ಸಾವನ್ನು ಹಾಗೇ ಬಿಟ್ಟು ಎದ್ದರೆ ಊರಿಗೆ ಕೇಡು ಎಂದು ಗುರು ಕಲಿಸಿದ್ದ. ಒಟ್ಟಿನಲ್ಲಿ ಸುಮ್ಮನಿರುವ ವಿದ್ಯೆಯೊಂದು ಅವನಿಗೆ ಬರುತ್ತಿರಲಿಲ್ಲ.

ಆ ರೂಢಿಯೇ ಮನೆಗೆ ಮುಳುವಾಯಿತು. ೧೯೫೭ರ ದಸರೆಯ ಹೊತ್ತಿಗೆ ಏಳು ವರ್ಷದ ಮಗಳು ಸಾವಂತ್ರವ್ವ ಜ್ವರದಲ್ಲಿ ತೀರಿಕೊಂಡಳು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕೆಂದು ಅವನೇ ಅವಸರ ಮಾಡಿದ. ಮಣ್ಣು ಮಾಡಿ ಬಂದವನೇ ನಡುಮನೆಯಲ್ಲಿ ನಿಂತು, ದುಃಖ ಇಲ್ಲಿಗೆ ತೀರಲಿ ಎಂದು ಮಂಗಳ ಹಾಡಿದ. ಅಂದಿನಿಂದ ಹೆಂಡತಿ ನಾಗವ್ವ ಅವನೊಂದಿಗೆ ಮಾತಾಡಲಿಲ್ಲ. ಅಳಲೂ ಇಲ್ಲ. ರೊಟ್ಟಿ ಬಡಿದು ಮುಂದಿಡುವಳು, ಅಷ್ಟೇ. ಅವಳ ಬಾಯಿಂದ ಒಂದು ಮಾತು ಬರಲೆಂದು ಅವನು ಹರಕೆ ಹೊರದ ದೇವರಿರಲಿಲ್ಲ.

ಮುಂದಿನ ಮಾರ್ಚಿನಲ್ಲಿ ಮಾರೆಪ್ಪ ಬಂದ. ಶಿಗ್ಗಾವಿ ದಾರಿಯ ಸಣ್ಣ ಹಂಚಿನ ಚರ್ಚಿನಲ್ಲಿ ಜಪ ಹೇಳಿಕೊಡುವವನು, ಹಳೆಯ ಗೆಳೆಯ. ಕ್ರೈಸ್ತರ ತಪಸ್ಸಿನ ಕಾಲವಂತೆ. ಶುಕ್ರವಾರಕ್ಕೊಮ್ಮೆ ಯೇಸು ಶಿಲುಬೆ ಹೊತ್ತು ನಡೆದ ಹಾದಿಯ ಹದಿನಾಲ್ಕು ಸ್ಥಳಗಳನ್ನು ಧ್ಯಾನಿಸುತ್ತಾರಂತೆ. ಈ ಸಲ ಮಾರೆಪ್ಪ ಅದನ್ನು ಚಿತ್ರ ಮಾಡಿದ್ದ. ಗಾಜಿನ ತುಂಡುಗಳನ್ನು ಎಣ್ಣೆದೀಪದ ಮೇಲೆ ಹಿಡಿದು ಕಾಡಿಗೆ ಕಟ್ಟಿಸಿ, ಸೂಜಿಯಿಂದ ಗೀರಿ, ಗೀರು ಅಳಿಸದಂತೆ ಮೇಲೊಂದು ಗಾಜಿಟ್ಟು ಅಂಚಿಗೆ ಕಾಗದ ಅಂಟಿಸಿದ್ದ. ಆ ಚಿತ್ರಗಳನ್ನು ಬಟ್ಟೆಯ ಮೇಲೆ ಬೆಳಕಾಗಿ ಮೂಡಿಸುವ ದೀಪದ ಪೆಟ್ಟಿಗೆ ನಡೆಸಲು ಅವನೇ ಬೇಕು; ಓದಲು ಇನ್ನೊಬ್ಬ ಬೇಕು. ಚರ್ಚಿನ ಪರಊರಿನ ಫಾದರ್ ಓದಿದರೆ ಅವರ ಕನ್ನಡಕ್ಕೆ ಹೆಂಗಸರು ನಗು ತಡೆಯದೆ ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಓದಲು ಉಳಿವೆಪ್ಪ ಒಪ್ಪಿಕೊಂಡ.

ಫಾದರ್ ಮೂರು ದಿನ ಕಲಿಸಿದರು. ರಾಗ ಬೇಡ, ಅಳು ಬೇಡ. ಒಂದೊಂದು ಸ್ಥಳಕ್ಕೂ ಎರಡು ಮೂರು ಮಾತು, ಆಮೇಲೆ ಜನ ಮೊಣಕಾಲೂರಿ ಪ್ರಾರ್ಥಿಸುವಷ್ಟು ಹೊತ್ತು ಮೌನ. ಹದಿನಾಲ್ಕನೆಯದು ಸಮಾಧಿ. ಅಲ್ಲಿಗೆ ದೀಪ ಮುಚ್ಚುವುದು, ಹಾಡಿಲ್ಲದೆ ಮನೆಗೆ ಹೋಗುವುದು. ಯೇಸು ಸಮಾಧಿಯಿಂದ ಎದ್ದು ಬರುವ ಕಥೆ ಈಸ್ಟರ್ ದಿನಕ್ಕೆ, ಇವತ್ತಿಗಲ್ಲ.

"ಸಾವಿನ ಮ್ಯಾಲ ಹೆಂಗ ಬಿಟ್ಟು ಹೋಗೂದ್ರಿ?" ಎಂದು ಉಳಿವೆಪ್ಪ ಕೇಳಿದ. ಫಾದರ್ ನಕ್ಕರು.

ಶುಕ್ರವಾರ ಮುಸ್ಸಂಜೆ ಊರಿನ ಹೆಂಗಸರು ಚಿತ್ರ ನೋಡಲು ಹೊರಟರು. ಅವರ ಹಿಂದೆ ನಾಗವ್ವನೂ ಬಂದಳು. ಚರ್ಚಿನ ಅಂಗಳದಲ್ಲಿ ಹಗ್ಗಕ್ಕೆ ಕಟ್ಟಿದ ಬಿಳಿ ದುಪ್ಪಟಿ, ಅದರ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸುಯ್ಗುಡುವ ಗ್ಯಾಸ್‌ಬತ್ತಿ. ಬೆಳಕು ಈಚೆಗೆ ದಾಟಲೆಂದು ದುಪ್ಪಟಿಯನ್ನು ನೀರಿನಿಂದ ತೋಯಿಸಿದ್ದರು. ಮಾರೆಪ್ಪ ಗಾಜನ್ನು ತಲೆಕೆಳಗು ಮಾಡಿ ಮರದ ಚೌಕಟ್ಟಿಗೆ ಸೇರಿಸಿ ಸರಿಸಿದ. ಒದ್ದೆ ಬಟ್ಟೆಯ ಕತ್ತಲೆಯಲ್ಲಿ ಬಿಳಿ ಗೀರಿನ ಮನುಷ್ಯನೊಬ್ಬ ನೆಟ್ಟಗೆ ಎದ್ದು ನಿಂತ. ಗಾಳಿಗೆ ಬಟ್ಟೆ ಉಸಿರಾಡಿದಂತಾಗಿ, ಅವನೂ ಉಸಿರಾಡಿದ.

"ಒಂದನೆಯ ಸ್ಥಳ. ಯೇಸುವಿಗೆ ಮರಣದಂಡನೆ." ಉಳಿವೆಪ್ಪ ನಿಲ್ಲಿಸಿದ. ಮೌನ ಅವನಿಗೆ ಬಾವಿಯಂತೆ ತಳವಿಲ್ಲದ್ದೆನಿಸಿತು. ಎರಡನೆಯದರಲ್ಲಿ ಶಿಲುಬೆ ಹೆಗಲೇರಿತು, ಮೂರನೆಯದರಲ್ಲಿ ಯೇಸು ಬಿದ್ದ. ನಾಲ್ಕನೆಯದರಲ್ಲಿ ದಾರಿಯಲ್ಲಿ ತಾಯಿ ಸಿಕ್ಕಳು, ಅವಳಿಗೂ ಮಾತಿಲ್ಲ. ಇನ್ನೊಬ್ಬ ಹೆಗಲು ಕೊಟ್ಟ, ಹೆಣ್ಣುಮಗಳೊಬ್ಬಳು ಮುಖ ಒರೆಸಿದಳು, ಮತ್ತೆ ಎರಡು ಸಲ ಬಿದ್ದ. ಬಟ್ಟೆ ಕಿತ್ತರು, ಮೊಳೆ ಹೊಡೆದರು, ಪ್ರಾಣ ಹೋಯಿತು. ಉಳಿವೆಪ್ಪನಿಗೆ ತಾನು ಓದುತ್ತಿದ್ದೇನೋ ಕನಸಿನಲ್ಲಿ ನಡೆಯುತ್ತಿದ್ದೇನೋ ತಿಳಿಯಲಿಲ್ಲ.

"ಹದಿಮೂರನೆಯ ಸ್ಥಳ. ದೇಹವನ್ನು ಇಳಿಸಿ ತಾಯಿಯ ತೊಡೆಯ ಮೇಲೆ ಮಲಗಿಸುತ್ತಾರೆ."

ಹದಿನಾಲ್ಕು ಆಯಿತು. ಮಾರೆಪ್ಪ ಪೆಟ್ಟಿಗೆಯ ಬಾಯಿ ಮುಚ್ಚಿದ. ಕತ್ತಲು. ಮೂವತ್ತು ವರ್ಷದ ಅಭ್ಯಾಸ ಉಳಿವೆಪ್ಪನ ಎದೆಯಿಂದೆದ್ದು ಗಂಟಲಿಗೆ ಬಂತು. ಮಂಗಳದ ಮೊದಲ ಸ್ವರ ಹೊರಟೇಬಿಟ್ಟಿತು. ಹೆಂಗಸರ ಸಾಲಿನಲ್ಲಿ ಯಾರೋ ಬೆಚ್ಚಿ ಉಸಿರೆಳೆದರು. ಮನೆಯಲ್ಲಿ ಅಂದು ಹಾಡಿದಾಗಲೂ ಇದೇ ಉಸಿರು ಕೇಳಿದ್ದ. ಅವನು ತಟ್ಟನೆ ಬಾಯಿ ಮುಚ್ಚಿದ. ಮುಂದಿನ ಸ್ವರ ಹಾಡಲಿಲ್ಲ. ಜನ ಮೆಲ್ಲಗೆ ಎದ್ದು ಹೋದರು.

ಊರಿನ ದಾರಿಯಲ್ಲಿ ಗಂಡ ಮುಂದೆ, ಹೆಂಡತಿ ಹಿಂದೆ. ಹೊಲಗಳು ಮಂಕು ಬೆಳಕಿನಲ್ಲಿ ತೇಲುತ್ತಿದ್ದವು. ಸೇದೋ ಬಾವಿಯ ಹತ್ತಿರ ಹಿಂದಿನ ಹೆಜ್ಜೆ ನಿಂತಿತು.

"ಏನ್ರೀ," ಎಂದಳು ನಾಗವ್ವ. ಐದು ತಿಂಗಳ ಮೇಲೆ ಬಂದ ದನಿ ಒರಟಾಗಿತ್ತು. "ಆ ತಾಯಿ ಮಗನ್ನ ಎಷ್ಟೊತ್ತು ತೊಡಿ ಮ್ಯಾಲ ಇಟ್ಕೊಂಡಿದ್ಲು?"

"ಎಷ್ಟೊತ್ತಂತ ಅದ್ರಾಗ ಬರದಿಲ್ಲ."

"ನೀವು ನನ್ನ ತೊಡಿ ಮ್ಯಾಲಿಂದ ಕೂಸಿನ್ನ ಕಸ್ಕೊಂಡು ಹ್ವಾದ್ರಿ. ಇನ್ನೂ ಮೈ ಬೆಚ್ಚಗಿತ್ರಿ."

ಸಮಾಧಾನದ ನೂರು ಮಾತು ಉಳಿವೆಪ್ಪನ ಬಾಯಿಗೆ ಬಂದವು. ಒಂದನ್ನೂ ಆಡಲಿಲ್ಲ. ನಾಗವ್ವ ಬದುವಿನ ಮೇಲೆ ಕುಸಿದು, ಖಾಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು ಅಳತೊಡಗಿದಳು. ಅವನು ಪಕ್ಕದಲ್ಲಿ ಕೂತ. ಹೊತ್ತಾಯಿತು ಏಳು ಎಂದು ಅವನು ಹೇಳಲಿಲ್ಲ.