ಅವನ ಬಾಯಲ್ಲಿ ಅವಳ ಮಾತು

ಶೂ ಕಾರ್ಖಾನೆಯ ವಿನ್ಯಾಸಗಾರ್ತಿಯೊಬ್ಬಳು ಮಾಡಿದ್ದನ್ನೆಲ್ಲ ಅವಳ ಜೊತೆ ಕೆಲಸ ಮಾಡುವವನು ಮೀಟಿಂಗ್‌ನಲ್ಲಿ ತನ್ನದೆಂದು ಹೇಳಿಕೊಳ್ಳುತ್ತಿದ್ದ. ಬರಬರುತ್ತ, ಮನೆಯಲ್ಲಿ ಒಬ್ಬಳೇ ಯೋಚಿಸುವಾಗಲೂ ಅವಳ ಯೋಚನೆಗಳು ಅವನ ದನಿಯಲ್ಲೇ ಕೇಳಿಸತೊಡಗಿದವು.

“ಮೊದಲು ಅವನ ಹತ್ರಾನೇ ಕೇಳೇ,” ಎಂದಳು ವಿಷಯ ತಿಳಿದ ಅವಳ ಅಕ್ಕ. ಕೇಳಿದಳು. “ನಾವೆಲ್ಲ ಒಂದೇ ಟೀಮಲ್ವಾ?” ಎಂದು ಅವನು ನಕ್ಕುಬಿಟ್ಟ.

ಮುಂದಿನ ಮೀಟಿಂಗ್‌ನಲ್ಲಿ ಅವನು, “ಈ ಶೂನ ಹೀಲ್ ತಗ್ಗಿಸಿದೀನಿ ಸರ್,” ಎನ್ನುತ್ತಿದ್ದಂತೆ ಅವಳು ತಡೆದಳು. “ಸರ್, ಅದು ನನ್ನ ಕೆಲಸ. ಯಾಕೆ ತಗ್ಗಿಸಿದೆ ಅಂತ ನಾನೇ ಹೇಳ್ತೀನಿ.” ಮಾದರಿ ಶೂ ಎತ್ತಿ ಹಿಡಿದು ವಿವರಿಸಿದಳು.

“ಇನ್ಮೇಲೆ ಮಾಡಿದವರೇ ಮಾತಾಡಲಿ,” ಎಂದ ಮ್ಯಾನೇಜರ್ ಅವನತ್ತ ತಿರುಗಿದರು. “ನಿಮ್ಮದೇನಿದೆ?”

ಅವನು ಬಾಯಿ ತೆರೆದ, ಮಾತೇ ಹೊರಡಲಿಲ್ಲ. ಗೆದ್ದವಳು ಅವಳೇ. ಆದರೂ ಆ ತೆರೆದ ಬಾಯಿ ಎಷ್ಟೋ ದಿನ ಅವಳ ಕಣ್ಣಿಗೆ ಕಟ್ಟಿದಂತೆಯೇ ಇತ್ತು.