ಹೆಬ್ಬೆರಳಿನ ಹಿಂದಿನ ಕಟ್ಟಡ

ಪೊಲೀಸ್ ಪ್ರಯೋಗಾಲಯದ ಫೋಟೋ ವಿಭಾಗದಲ್ಲಿ ಅವಳನ್ನು ಎಲ್ಲರೂ ಮೊಳದಮ್ಮ ಅಂತಲೇ ಕರೆಯುತ್ತಿದ್ದರು, ಅದೂ ಎದುರಿಗೇ. ಅವಳಿಗೇನೂ ಬೇಜಾರಿಲ್ಲ. ಒಂದು ಫೋಟೋ ಕೈಗೆ ಕೊಟ್ಟರೆ ಸಾಕು, ಕಳ್ಳ ಎಷ್ಟು ಉದ್ದ ಇದ್ದ, ಕಾರು ಎಷ್ಟು ದೂರ ನಿಂತಿತ್ತು ಎಂದು ಅಳೆದು ಹೇಳುವವಳು. ಮದುವೆಗೆ ಹೋದರೂ ಚಪ್ಪರದ ಕಂಬ ಅಳೆಯುತ್ತಾಳೆ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳೂ ಅಲ್ಲ.

ಅಕ್ಕ ತೀರಿಕೊಂಡ ಮೇಲೆ ಅಕ್ಕನ ಮಗಳನ್ನು ಸಾಕಿದ್ದು ಅವಳೇ. ಅಮ್ಮನಿಲ್ಲದ ಆ ಮಗು ಅಳುವಾಗ ಮೊಳದಮ್ಮ ಕಿಟಕಿಗೆ ಕರೆದುಕೊಂಡು ಹೋಗಿ, ಊರ ಮಧ್ಯದ ಟೆಲಿಫೋನ್ ಕಚೇರಿಯ ಎತ್ತರದ ಕಟ್ಟಡ ತೋರಿಸುತ್ತಿದ್ದಳು. "ಕೈ ನೆಟ್ಟಗೆ ಚಾಚು. ಒಂದು ಕಣ್ಣು ಮುಚ್ಚು. ಕಟ್ಟಡ ನಿನ್ನ ಹೆಬ್ಬೆರಳಿನ ಹಿಂದೆ ಅಡಗತ್ತಾ ನೋಡು. ದೂರ ಎರಡರಷ್ಟಾದ್ರೆ ಅದು ಅರ್ಧ ಆಗತ್ತೆ ಕಣೇ." ಮಗು ಅಳು ಮರೆತು ಊರನ್ನೆಲ್ಲ ಹೆಬ್ಬೆರಳಿನಲ್ಲಿ ಮುಚ್ಚಿ ಆಡುತ್ತಿತ್ತು.

ಆ ಮಗು ಈಗ ಮದುವೆಯಾದ ಹೆಂಗಸು, ಮತ್ತು ಎರಡು ವಾರದಿಂದ ನಾಪತ್ತೆ.

ಗಂಡ ದಿನವೂ ಬಂದು ಹೋಗುತ್ತಿದ್ದ. ಮಾತು ಮೆತ್ತಗೆ, ಇಸ್ತ್ರಿ ಮಾಡಿದ ಅಂಗಿ. ಜಗಳವಾಡಿಕೊಂಡು ಹೊರಟು ಹೋದಳು ಎಂದಿದ್ದ. ಮೊಳದಮ್ಮ ಅವನ ಮನೆಗೂ ಹೋಗಿ ನೋಡಿದ್ದಳು. ಕೆಳಗಿನ ಕೋಣೆಗಳ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ. ಮೇಲಿನ ಮಹಡಿಯ ಬಾಗಿಲಿಗೆ ಬೀಗ. "ಅದನ್ನ ಬಾಡಿಗೆಗೆ ಕೊಟ್ಟಿದೀನಿ ಚಿಕ್ಕಮ್ಮ, ಅವರು ಊರಲ್ಲಿಲ್ಲ" ಎಂದಿದ್ದ. ಅವಳು ತಲೆಯಾಡಿಸಿ ಬಂದಿದ್ದಳು. ಆಮೇಲೆ ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಮಗಳ ಫೋನಿನಿಂದ ಮೊಳದಮ್ಮನ ಫೋನಿಗೆ ಒಂದು ಫೋಟೋ ಬಂತು. ಮಗಳು ಕಿಟಕಿಯ ಪಕ್ಕ ಕೂತಿದ್ದಾಳೆ, ಹೆಬ್ಬೆರಳು ಎತ್ತಿದ್ದಾಳೆ. ಹಿಂದೆ ದೂರದಲ್ಲಿ ಅದೇ ಟೆಲಿಫೋನ್ ಕಚೇರಿ. ಕೆಳಗೆ ಎರಡೇ ಮಾತು: ಚೆನ್ನಾಗಿದ್ದೀನಿ, ಹುಡುಕಬೇಡಿ.

ಅರ್ಧ ಗಂಟೆಯಲ್ಲಿ ಅಳಿಯ ಹಾಜರಾದ. ತನಗೂ ಬಂತು ಅಂದ. "ನೋಡಿ ಚಿಕ್ಕಮ್ಮ, ಹೆಬ್ಬೆರಳು ತೋರಿಸ್ತಿದಾಳೆ, ಚೆನ್ನಾಗೇ ಇದಾಳೆ. ನದಿ ದಂಡೇಲಿ ಫ್ಲಾಟ್‌ಗಳಿವೆಯಲ್ಲ, ಅಲ್ಲಿ ಅವಳ ಗೆಳತಿ ಇದ್ದಾಳೆ. ನೀವು ಅಳೀತೀರಲ್ಲ, ಅಳೆದುಬಿಡಿ."

ಅಳೆಯದೆ ಬಿಡುತ್ತಾಳೆಯೇ? ಕಟ್ಟಡದ ಕಿರಿದಾದ ಪೂರ್ವದ ಮುಖ ಮಾತ್ರ ನೇರವಾಗಿ ಕಾಣುತ್ತಿತ್ತು. ಅಂದರೆ ಫೋಟೋ ತೆಗೆದದ್ದು ಕಟ್ಟಡದ ನೇರ ಪೂರ್ವದಿಂದ. ನಕಾಶೆಯಲ್ಲಿ ಗೆರೆ ಎಳೆದಳು. ಬುಡ ಮನೆಗಳ ಹಿಂದೆ ಮುಚ್ಚಿಹೋಗಿತ್ತು, ಆದರೆ ನಾಲ್ಕನೇ ಮಹಡಿಯ ಸಜ್ಜಾದಿಂದ ತುದಿಯವರೆಗೆ ಕಾಣುತ್ತಿತ್ತು. ಆ ಭಾಗ ಎಂಬತ್ತು ಮೀಟರ್ ಎಂಬುದು ಹಳೇ ಕೇಸೊಂದರಿಂದ ಅವಳಿಗೆ ಬಾಯಿಪಾಠ. ಫೋಟೋ ಹಿಗ್ಗಿಸಿ, ಆ ಭಾಗದ ಉದ್ದಕ್ಕೆ ಎಷ್ಟು ಪಿಕ್ಸೆಲ್ ಚುಕ್ಕೆ ಎಂದು ಎಣಿಸಿದಳು, ಅರವತ್ತು. ಮಗಳ ಫೋನು ತಾನೇ ಕೊಡಿಸಿದ್ದು, ತನ್ನದೂ ಅದೇ ಮಾದರಿ. ಹತ್ತು ಮೀಟರ್ ದೂರದಿಂದ ತನ್ನ ಎರಡು ಮೀಟರ್ ಬಾಗಿಲಿನ ಫೋಟೋ ತೆಗೆದು ನೋಡಿದಳು. ಬಾಗಿಲಿಗೆ ಆರುನೂರು ಚುಕ್ಕೆ. ಹಾಗಾದರೆ ಎಂಬತ್ತು ಮೀಟರ್ ಅರವತ್ತೇ ಚುಕ್ಕೆಗೆ ಇಳಿಯಬೇಕಾದರೆ ನಾಲ್ಕು ಕಿಲೋಮೀಟರ್ ದೂರ ಇರಬೇಕು.

ಗೆರೆಯ ಮೇಲೆ ನಾಲ್ಕು ಕಿಲೋಮೀಟರ್ ಗುರುತು ಹಾಕಿದಳು. ನದಿ ದಂಡೆಯ ಫ್ಲಾಟುಗಳು.

"ಹೇಳಿದೆನಲ್ಲ" ಎಂದು ಅಳಿಯ ಹಾಯಾಗಿ ಕುರ್ಚಿಗೆ ಒರಗಿದ. "ಟೀ ಇದ್ರೆ ಒಂದು ಲೋಟ ಕೊಡಿ ಚಿಕ್ಕಮ್ಮ. ಕುಡಿದು ಹೊರಡೋಣ."

ಅವಳು ಅಡುಗೆಮನೆಗೆ ಹೋದಳು. ಅವನು ಒರಗಿದ ರೀತಿ ಯಾಕೋ ಸರಿಯಿಲ್ಲ ಅನ್ನಿಸಿತು. ಹೆಂಡತಿ ಸಿಗುತ್ತಾಳೆ ಎಂದು ಗೊತ್ತಾದವನು ಎದ್ದು ಓಡಬೇಕು, ಟೀ ಕೇಳಬಾರದು. ಒಲೆಯ ಮುಂದೆ ನಿಂತು ಫೋನಿನಲ್ಲಿ ಮತ್ತೆ ಆ ಫೋಟೋ ತೆರೆದಳು. ಮಗಳು ಹೆಬ್ಬೆರಳನ್ನು ಕ್ಯಾಮೆರಾಕ್ಕೆ ತೋರಿಸಿರಲಿಲ್ಲ. ಕೈ ನೆಟ್ಟಗೆ ಕಿಟಕಿಯ ಕಡೆಗೆ ಚಾಚಿತ್ತು, ಕಟ್ಟಡದ ಕಡೆಗೆ. ಒಂದು ಕಣ್ಣು ಅರ್ಧ ಮುಚ್ಚಿತ್ತು.

ಅಳತೆ ಮಾಡು ಅನ್ನುತ್ತಿದ್ದಾಳೆ!

ಮೊಳದಮ್ಮ ಒಲೆ ಸಣ್ಣಗೆ ಮಾಡಿದಳು. ಕಚೇರಿಯಲ್ಲಿ ಹೊಸಬರಿಗೆ ಅವಳು ಮೊದಲ ದಿನ ಬೈದು ಕಲಿಸುವ ಪಾಠ ಒಂದೇ: ಎತ್ತರ ಎಣಿಸುವ ಮುಂಚೆ ಫೋಟೋದ ಅಗಲ ಎಣಿಸು. ಫೋನಿನಿಂದ ಫೋನಿಗೆ ಕಳಿಸಿದರೆ ಫೋಟೋ ಕುಗ್ಗುತ್ತದೆ. ಸ್ವಂತ ಮಗಳ ವಿಷಯದಲ್ಲಿ ಅದನ್ನೇ ಮರೆತಿದ್ದಳು. ನೋಡಿದಳು. ಅವಳ ಬಾಗಿಲಿನ ಫೋಟೋ ನಾಲ್ಕು ಸಾವಿರ ಚುಕ್ಕೆ ಅಗಲ. ಬಂದ ಫೋಟೋ ಸಾವಿರದ ಆರುನೂರು. ಹತ್ತಕ್ಕೆ ನಾಲ್ಕು. ಕುಗ್ಗುವ ಮುಂಚೆ ಕಟ್ಟಡ ಅರವತ್ತಲ್ಲ, ನೂರೈವತ್ತು ಚುಕ್ಕೆ ಇತ್ತು. ದೂರ ನಾಲ್ಕು ಕಿಲೋಮೀಟರ್ ಅಲ್ಲ, ಬರೀ ಒಂದು ಸಾವಿರದ ಆರುನೂರು ಮೀಟರ್.

ಅದೇ ಗೆರೆಯ ಮೇಲೆ ಅಷ್ಟು ದೂರದಲ್ಲಿ ಏನಿದೆ ಎಂದು ನೋಡಲು ನಕಾಶೆ ಬೇಕಿರಲಿಲ್ಲ. ಅಳಿಯನ ಮನೆ. ಬೀಗ ಹಾಕಿದ ಮೇಲಿನ ಮಹಡಿ.

ಲೋಟಗಳನ್ನು ಸದ್ದು ಮಾಡಿ ತೊಳೆಯುತ್ತಾ, ನಾಪತ್ತೆ ಕೇಸು ನೋಡುತ್ತಿದ್ದ ಇನ್ಸ್‌ಪೆಕ್ಟರಿಗೆ ಬರೆದಳು: ಮಗಳು ಗಂಡನ ಮನೆ ಮಹಡಿಯಲ್ಲಿದ್ದಾಳೆ. ಅವನನ್ನು ನಾನು ನದಿ ಫ್ಲಾಟಿಗೆ ಕರೆದೊಯ್ಯುತ್ತೇನೆ. ಬೀಗ ಒಡೆಯಿರಿ, ನನ್ನ ಹಿಂದೆಯೂ ಯಾರನ್ನಾದರೂ ಕಳಿಸಿ.

ಟೀ ತಂದಿಟ್ಟು "ನಡೀರಿ ಅಳಿಯಂದ್ರೇ" ಅಂದಳು.

ದಾರಿಯುದ್ದಕ್ಕೂ ಅವನು ಹಾಡು ಗುನುಗಿದ. ಫ್ಲಾಟಿನಲ್ಲಿ ಯಾವ ಗೆಳತಿಯೂ ಇರಲಿಲ್ಲ. "ಟೆರೇಸಿಂದ ನೋಡೋಣ, ಯಾವ ಕಿಟಕಿ ಅಂತ ಗೊತ್ತಾಗತ್ತೆ" ಎಂದು ಅವನೇ ಮೇಲೆ ಕರೆದೊಯ್ದ. ಬಿಸಿಲು, ನೀರಿನ ಟ್ಯಾಂಕು, ಒಣಹಾಕಿದ ಬೆಡ್‌ಶೀಟುಗಳು. ದೂರದಲ್ಲಿ ಟೆಲಿಫೋನ್ ಕಚೇರಿ.

"ನಿಮ್ಮ ಫೋನಲ್ಲಿ ಒಂದು ಫೋಟೋ ತೆಗೀರಿ ಚಿಕ್ಕಮ್ಮ. ಅವಳದ್ದರ ಪಕ್ಕ ಇಟ್ಟು ನೋಡೋಣ, ಇಲ್ಲೇ ಅಂತ ಖಾತ್ರಿ ಆಗತ್ತೆ."

ಬೇಡ ಅನ್ನುವುದು ಹೇಗೆ? ತೆಗೆದಳು. ಅವನು ತನ್ನ ಫೋನನ್ನು ಅವಳ ಫೋನಿನ ಪಕ್ಕ ಹಿಡಿದ. ಎರಡು ಪರದೆಯೂ ಒಂದೇ ಅಳತೆ. ಮಗಳ ಫೋಟೋದಲ್ಲಿ ಕಟ್ಟಡ ಅಕ್ಕಿಕಾಳಿನಷ್ಟು ಇತ್ತು. ಇಲ್ಲಿ ಅದರ ಅರ್ಧಕ್ಕೂ ಕಡಿಮೆ.

ಅವನು ಎರಡನ್ನೂ ನೋಡಿ ತನ್ನ ಫೋನು ಜೇಬಿಗಿಟ್ಟ.

"ನಿಮ್ಮಂಥವರಿಗೆ ಇದು ಮನೇಲೇ ಗೊತ್ತಾಗಿತ್ತು, ಅಲ್ವಾ?" ಎಂದ ಮೆತ್ತಗೆ. ಹೋಗಿ ಮೆಟ್ಟಿಲಿನ ಬಾಗಿಲು ಮುಚ್ಚಿ ಚಿಲಕ ಹಾಕಿದ. "ಊರಲ್ಲೆಲ್ಲ ಕಾಣೋ ಕಟ್ಟಡ, ಎಲ್ಲಿಂದ ತೆಗೆದದ್ದು ಅಂತ ಯಾರಿಗೆ ತಿಳಿಯತ್ತೆ ಅಂದ್ಕೊಂಡೆ."

ಮೊಳದಮ್ಮ ಹಿಂದೆ ಸರಿದಳು. ಬೆನ್ನಿಗೆ ಟೆರೇಸಿನ ಅಡ್ಡಗೋಡೆ ತಗಲಿತು, ಬರೀ ಸೊಂಟದಷ್ಟು ಎತ್ತರದ್ದು. ಅವಳಿಗೆ ಭಯವಾಯಿತು. ಬದುಕಿಡೀ ಯಾರದೋ ಸಾವಿನ ಫೋಟೋ ಅಳೆದವಳಿಗೆ ಕೆಳಗಿನ ನೆಲ ಎಷ್ಟು ದೂರ ಎಂದು ನೋಡುವ ಧೈರ್ಯ ಬರಲಿಲ್ಲ.

ಆಗ ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಇನ್ಸ್‌ಪೆಕ್ಟರ್ ನಂಬರು. ಒತ್ತಿದಳು. ಸ್ಪೀಕರಿನಲ್ಲಿ ಬಂದದ್ದು ಬೇರೆ ದನಿ, ಒಣಗಿದ ಗಂಟಲಿನದು.

"ಚಿಕ್ಕಮ್ಮಾ, ಹೆಬ್ಬೆರಳು ಕಾಣಿಸ್ತಾ?"

ಅಳಿಯ ಎರಡು ಹೆಜ್ಜೆ ಮುಂದೆ ಬಂದವನು ನಿಂತುಬಿಟ್ಟ. ಹಿಂದೆ, ಚಿಲಕ ಹಾಕಿದ ಬಾಗಿಲನ್ನು ಮೆಟ್ಟಿಲಿನ ಕಡೆಯಿಂದ ಯಾರೋ ಬೂಟುಗಾಲಲ್ಲಿ ಒದೆಯತೊಡಗಿದರು.

"ಕಾಣಿಸ್ತು ಕಣೇ ಮಗಳೇ" ಎಂದಳು ಮೊಳದಮ್ಮ, ಅವನ ಮೇಲಿಟ್ಟ ಕಣ್ಣು ತೆಗೆಯದೆ. "ಅಳೆಯೋದು ಮೊದಲು ತಪ್ಪಾಯ್ತು."