ಅನುಸೂಯಾ ಟೀಚರ್ ಮತ್ತು ನಿದ್ದೆಯ ಪಟ್ಟಿ

ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟನ್ನು ಅನುಸೂಯಾ ಟೀಚರ್ ಅವರಿಗೆ ಯಾರೂ ಬರೆದುಕೊಟ್ಟಿಲ್ಲ. ಆದರೂ ಹದಿನಾಲ್ಕು ವರ್ಷಗಳಿಂದ ಅದು ಅವರದೇ. ಬೇರೆ ಯಾರಾದರೂ ಕುಳಿತರೆ ಕಂಡಕ್ಟರೇ ಬಂದು ಮೆಲ್ಲಗೆ ಎಬ್ಬಿಸುತ್ತಾನೆ. ಕಮಲಾಪುರ ದಾಟಿ, ಬಾಳೆ ತೋಟಗಳು ಹಿಂದೆ ಬಿದ್ದು ಕಬ್ಬಿನ ಗದ್ದೆ ಶುರುವಾದ ಮೇಲೆ ಕಾಲುವೆ ದಂಡೆಯ ಒಂದು ಊರಿನಲ್ಲಿ ಅವರು ಇಳಿಯುತ್ತಾರೆ. ಅಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಅಂದರೆ ಅವರೇ.

ಹುಟ್ಟೂರು ಸಂಡೂರಿನ ಕಡೆ. ತಂದೆ ಮೂಕಪ್ಪ ಗಣಿಯಲ್ಲಿ ಲಾರಿಗೆ ಅದಿರು ತುಂಬುತ್ತಿದ್ದವರು. ಮಗಳು ಬಿ.ಎಸ್ಸಿ. ಪಾಸಾದ ದಿನ ಓಣಿಯ ಮನೆಮನೆಗೆ ಹೋಗಿ ಸಕ್ಕರೆ ಕೊಟ್ಟು ಬಂದಿದ್ದರು. ಆ ಸಕ್ಕರೆಯ ಭಾರ ಇನ್ನೂ ಹೆಗಲ ಮೇಲಿದೆಯೇನೋ ಎಂಬಂತೆ ಟೀಚರ್ ಪಾಠ ಮಾಡುತ್ತಾರೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಥರ್ಮಾಕೋಲ್ ಜ್ವಾಲಾಮುಖಿ ಕಂಡರೆ ಅವರಿಗೆ ಮೈ ಉರಿಯುತ್ತದೆ. ಪ್ರಾಜೆಕ್ಟ್ ಅಂದರೆ ಮಕ್ಕಳೇ ಅಳೆಯಬೇಕು, ಎಣಿಸಬೇಕು, ತಪ್ಪಬೇಕು ಎಂಬುದು ಅವರ ಹಟ. ಈ ಹಟದಿಂದ ಸಹೋದ್ಯೋಗಿಗಳಿಗೆ ಸ್ವಲ್ಪ ತಲೆನೋವು, ಮಕ್ಕಳಿಗೆ ಸ್ವಲ್ಪ ಖುಷಿ.

ಕಳೆದ ವರ್ಷ ಒಂಬತ್ತನೇ ತರಗತಿಯ ಮೊದಲ ಪೀರಿಯಡ್ಡು ಆಕಳಿಕೆಯಲ್ಲೇ ಕಳೆದುಹೋಗುತ್ತಿತ್ತು. ಒಬ್ಬ ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನವರೆಗೂ ಸಾಲಾಗಿ ತೆರೆಯುತ್ತಿತ್ತು. ಬೈದು ಪ್ರಯೋಜನವಿಲ್ಲ ಎಂದು ಟೀಚರ್ ಅದನ್ನೇ ಪ್ರಾಜೆಕ್ಟ್ ಮಾಡಿಬಿಟ್ಟರು. ಸೋಶಿಯಲ್ ಮೀಡಿಯಾ ನಮ್ಮ ನಿದ್ದೆಗೆ, ಗಮನಕ್ಕೆ ಏನು ಮಾಡುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಐದಾರು ವಿಷಯ ತೆಗೆದು ಗುಂಪುಗಳಿಗೆ ಹಂಚಿದರು. ಫೋನ್ ದಿಂಬಿನ ಪಕ್ಕ ಇಟ್ಟು ಮಲಗುವವರಿಗೂ ಬೇರೆ ಕೋಣೆಯಲ್ಲಿ ಇಡುವವರಿಗೂ ನಿದ್ದೆಯಲ್ಲಿ ಎಷ್ಟು ವ್ಯತ್ಯಾಸ ಎಂಬುದು ಒಂದು ಗುಂಪಿಗೆ. ಓದಲು ಕೂತ ಒಂದು ತಾಸಿನಲ್ಲಿ ಎಷ್ಟು ಸಲ ಫೋನ್ ಸದ್ದು ಮಾಡಿತು, ಮತ್ತೆ ಪಾಠಕ್ಕೆ ಮರಳಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಇನ್ನೊಂದಕ್ಕೆ. ಈ ಎರಡನೆಯ ಗುಂಪು ಮೂರೇ ದಿನಕ್ಕೆ ಬಂದು, ಸಂಜೆ ಹೊತ್ತು ಹೆಚ್ಚು ಸದ್ದು ಮಾಡುವುದು ನಮ್ಮ ಶಾಲೆಯ ಹೋಂವರ್ಕ್ ಗ್ರೂಪೇ ಟೀಚರ್ ಎಂದು ವರದಿ ಒಪ್ಪಿಸಿತು. ಟೀಚರ್ ನಕ್ಕರು, ಆಮೇಲೆ ನಗು ನಿಲ್ಲಿಸಿ ಅದನ್ನೂ ಬರೆದುಕೊಳ್ಳಿ ಎಂದರು.

ಮೂಲ ಪಟ್ಟಿ ಮಾತ್ರ ಎಲ್ಲರಿಗೂ ಒಂದೇ. ಬೆಳಿಗ್ಗೆ ಎದ್ದ ಕೂಡಲೇ ತುಂಬಬೇಕು: ಹಾಸಿಗೆಗೆ ಹೋದದ್ದು ಎಷ್ಟಕ್ಕೆ, ಫೋನ್ ಕೆಳಗಿಟ್ಟದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ಫೋನಿನಲ್ಲಿ ಮಾಡಿದ್ದೇನು. ವಿಡಿಯೊ, ಆಟ, ಮೆಸೇಜ್, ಇವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಮೊದಲ ವಾರ ಎಂದಿನಂತೆ ಇರಬೇಕು. ಎರಡನೇ ವಾರ ಮಲಗುವ ಒಂದು ತಾಸು ಮೊದಲೇ ಫೋನ್ ದೂರ ಇಡಬೇಕು. ದಿನವೂ ಶಾಲೆಯಲ್ಲಿ ಹತ್ತೂವರೆಗೆ ಗಮನದ ಪರೀಕ್ಷೆ. ಅಂಕಿಗಳು ತುಂಬಿದ ಒಂದು ಹಾಳೆ, ಎರಡು ನಿಮಿಷ. ಅದರೊಳಗಿನ ಅರವತ್ತು ಏಳುಗಳನ್ನೆಲ್ಲ ಹುಡುಕಿ ಗೆರೆ ಎಳೆಯಬೇಕು. ಬಾಯಿಪಾಠ ಆಗಬಾರದೆಂದು ಹಾಳೆ ದಿನಕ್ಕೊಂದು. ಬರೀ ರೂಢಿಯಿಂದ ಅಂಕ ಏರಿದರೆ ಗೊತ್ತಾಗಲಿ ಎಂದು, ಫೋನಿನ ನಿಯಮವಿಲ್ಲದ ಬಿ ವಿಭಾಗಕ್ಕೂ ಅದೇ ಪರೀಕ್ಷೆ. ಹೆಸರು ಬರೆಯುವಂತಿಲ್ಲ, ನಂಬರ್ ಮಾತ್ರ.

ಇಷ್ಟೆಲ್ಲ ಯೋಚಿಸಿದ ಟೀಚರ್ ಕೊನೆಗೆ ಒಂದು ಅಂಕಣ ಸೇರಿಸಿದರು. ಪಾಲಕರ ಸಹಿ, ದಿನಕ್ಕೊಂದು. ಶುರುವಿನಲ್ಲಿ ಪಾಲಕರಿಂದ ಒಂದು ಒಪ್ಪಿಗೆ ಪತ್ರ ತರಿಸಿದರೆ ಸಾಕಿತ್ತು. ಅದನ್ನು ತರಿಸಿಯೂ ಇದ್ದರು. ಆದರೆ ನಮ್ಮ ಮಕ್ಕಳ ಗುಣ ಅವರಿಗೆ ಗೊತ್ತು: ವಾರದ ಪಟ್ಟಿಯನ್ನು ಶನಿವಾರ ಬೆಳಿಗ್ಗೆ ಶಾಲೆಯ ಕಟ್ಟೆ ಮೇಲೆ ಕೂತು ಒಂದೇ ಪೆನ್ನಿನಲ್ಲಿ ಮುಗಿಸುವವರು. ಟೆಸ್ಟ್ ಪೇಪರಿಗೆ ಸಹಿ, ರಜಾ ಅರ್ಜಿಗೆ ಸಹಿ, ಎಲ್ಲದಕ್ಕೂ ಪಾಲಕರ ಸಹಿ ಕೇಳಿ ಕೇಳಿ ಪಳಗಿದ ಟೀಚರ್ ಕೈ ಆ ಅಂಕಣಕ್ಕೂ ತಾನಾಗಿಯೇ ಗೆರೆ ಹಾಕಿತು. ಹೆಸರು ಬ್ಯಾಡ ಎಂದವರೇ ಆ ಹಾಳೆಯನ್ನು ದಿನವೂ ಅಪ್ಪನ ಮುಂದೆ ಹಿಡಿಯಿರಿ ಎಂದಂತಾಯಿತು ಎಂಬುದು ಆಗ ಅವರಿಗೆ ಹೊಳೆಯಲೇ ಇಲ್ಲ.

ದೇವಿಕಾ ಎಂಬ ಹುಡುಗಿ ಎರಡನೇ ಬೆಂಚಿನವಳು. ತಂದೆ ಹುಲುಗಪ್ಪ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಹುಡುಗಿ ಮಾತು ಕಡಿಮೆ, ಆದರೆ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆ ನೋಡಿದ ದಿನ ಅರ್ಧ ತಾಸು ಕಣ್ಣು ತೆಗೆದಿರಲಿಲ್ಲ. ಇವಳನ್ನು ಪಿಯುಸಿ ಸೈನ್ಸಿಗೆ ಹಾಕಿಸಬೇಕು ಎಂದು ಟೀಚರ್ ಅಂದೇ ಮನಸ್ಸಿನಲ್ಲಿ ಬರೆದಿಟ್ಟಿದ್ದರು. ಗುರುವಾರ ಬೆಳಿಗ್ಗೆ ದೇವಿಕಾ ತನ್ನ ಪಟ್ಟಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆದಳು. ಹಾಸಿಗೆಗೆ ಹತ್ತು ಗಂಟೆ, ಫೋನ್ ಕೆಳಗಿಟ್ಟದ್ದು ಒಂದೂವರೆ, ಎದ್ದದ್ದು ಆರು. ಮಾಡಿದ್ದು ಮೆಸೇಜ್. ಈ ವಯಸ್ಸಿಗೆ ಎಂಟು ತಾಸಾದರೂ ನಿದ್ದೆ ಬೇಕು. ಅವಳದು ನಾಲ್ಕೂವರೆ ತಾಸಿಗೇ ಮುಗಿದಿತ್ತು. ಅದನ್ನು ಮಡಚದೆ ಅಪ್ಪನ ಕೈಗೆ ಕೊಟ್ಟಳು.

ಹುಲುಗಪ್ಪನಿಗೆ ಓದು ಅಷ್ಟಕ್ಕಷ್ಟೆ, ಅಂಕಿ ಮಾತ್ರ ಚೆನ್ನಾಗಿ ಗೊತ್ತು. ಒಂದೂವರೆ ಎಂಬುದನ್ನು ಓದಿದ. ಗುರುತು ಬಿದ್ದ ಅಂಕಣದಲ್ಲಿ ಏನಿದೆ ಎಂದು ಪಕ್ಕದ ಮನೆಯ ಹುಡುಗನಿಂದ ಓದಿಸಿಕೊಂಡ. ಸಹಿ ಹಾಕಲಿಲ್ಲ. ಶುಕ್ರವಾರ ದೇವಿಕಾ ಶಾಲೆಗೆ ಬರಲಿಲ್ಲ, ಶನಿವಾರವೂ ಬರಲಿಲ್ಲ. ಸೋಮವಾರ ಗೆಳತಿಯರು ಹೇಳಿದ್ದು: ಫೋನನ್ನು ಒಡೆದು ಹಾಕಿದ್ದಾರೆ, ಅವಳನ್ನು ಸಂಡೂರಿನ ಅತ್ತೆ ಚೆನ್ನಬಸಮ್ಮನ ಮನೆಗೆ ಕಳಿಸಿದ್ದಾರೆ. ಆ ಮೆಸೇಜುಗಳೆಲ್ಲ ತಮ್ಮದೇ, ಮೂವರು ಹುಡುಗಿಯರು ಕೂಡಿ ಯಾವುದೋ ಧಾರಾವಾಹಿಯ ಬಗ್ಗೆ ಹರಟಿದ್ದು, ಎಂದೂ ಅಳುತ್ತ ಹೇಳಿದರು.

ಟೀಚರ್ ಅಂದು ಮಧ್ಯಾಹ್ನವೇ ಗಿರಣಿಗೆ ಹೋದರು. ತೌಡಿನ ಧೂಳು ಮೈತುಂಬ ಮೆತ್ತಿಕೊಂಡಿದ್ದ ಹುಲುಗಪ್ಪ ಹೆಗಲ ಮೇಲಿನ ವಸ್ತ್ರದಿಂದ ಚೀಲವೊಂದನ್ನು ಒರೆಸಿ, ಕುಂದ್ರಿ ಮೇಡಂ ಎಂದ. ಜಗಳ ಆಡುವವನಾಗಿದ್ದರೆ ಟೀಚರ್ ಕೂಡ ಗಟ್ಟಿಯಾಗಿ ಆಡುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಕೇಳಿದ. ಅವು ಹುಡುಗಿಯರ ಮಾತು, ಗೆಳತಿಯರನ್ನೇ ಕರೆದುಕೊಂಡು ಬರುತ್ತೇನೆ, ಅವರ ಫೋನಿನಲ್ಲೇ ಎಲ್ಲ ತೋರಿಸುತ್ತೇನೆ, ತಪ್ಪು ನನ್ನದು, ಈ ಹಾಳೆ ಮನೆಗೆ ಬರಬಾರದಿತ್ತು ಎಂದೆಲ್ಲ ಟೀಚರ್ ಹೇಳಿದರು. ಆಗ ಅವನು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ.

“ಇದು ನೀವು ಕೊಟ್ಟ ಕಾಗದರಿ ಮೇಡಂ,” ಎಂದ. “ಸಾಲಿಯವ್ರು ನೋಡು ಅಂದ್ರಿ, ನೋಡೀನಿ. ನೋಡಿದ ಮ್ಯಾಲ ನೋಡಿಲ್ಲ ಅಂತ ಹೆಂಗಿರ್ಲಿ?”

ಓಣಿಯಲ್ಲಿ ಆಗಲೇ ಮಾತು ಹಬ್ಬಿದೆ ಎಂದೂ, ಸಂಡೂರಿನಲ್ಲೇ ಶಾಲೆಗೆ ಹಾಕುತ್ತೇನೆ ಎಂದೂ ಅವನು ಸೇರಿಸಿದ. ಅಷ್ಟರಲ್ಲಿ ಲಾರಿ ಬಂತು, ಅವನು ಎದ್ದು ಹೋದ. ಆ ಹಾಳೆಯನ್ನು ಕೇಳಿ ಪಡೆಯಬೇಕಿತ್ತು ಎಂದು ಟೀಚರ್‌ಗೆ ಅನಿಸಿದ್ದು ಬಸ್ ಹತ್ತಿದ ಮೇಲೆ.

ಮುಖ್ಯೋಪಾಧ್ಯಾಯ ವಿರುಪಾಕ್ಷಪ್ಪನವರು ಒಳ್ಳೆಯವರೇ. ಹುಡುಗಿಗೆ ಹದಿನೈದು ತುಂಬಿದೆ, ಕಡ್ಡಾಯ ಶಿಕ್ಷಣದ ವಯಸ್ಸು ದಾಟಿದೆ, ವರ್ಗಾವಣೆ ಪತ್ರ ಕೇಳಿದರೆ ಕೊಡಲೇಬೇಕು, ಕೇಳದಿದ್ದರೆ ಗೈರುಹಾಜರಿ ಬರೆದು ಮೇಲಿನವರಿಗೆ ತಿಳಿಸಬೇಕು ಎಂದರು. ತಿಳಿಸಿದರು ಕೂಡ. ಮೇಲಿನಿಂದ ಒಬ್ಬರು ಬಂದು, ಹುಡುಗಿಯನ್ನು ಸಂಡೂರಿನಲ್ಲಿ ಶಾಲೆಗೆ ಹಾಕುತ್ತೀಯಾ ಎಂದು ಹುಲುಗಪ್ಪನನ್ನು ಕೇಳಿದರು, ಅವನು ಹೂಂ ಎಂದ, ಅವರು ಹೂಂ ಎಂದು ಬರೆದುಕೊಂಡು ಹೋದರು. ಆ ಹೂಂ ಮೇಲೆ ವರ್ಗಾವಣೆ ಪತ್ರ ತಯಾರಾಗಿ ಶಾಲೆಯ ಕಪಾಟಿನಲ್ಲೇ ಉಳಿಯಿತು. ತೆಗೆದುಕೊಂಡು ಹೋಗಲು ಯಾರೂ ಬಾರದಿದ್ದರೆ ಹುಡುಗಿ ಯಾವ ಶಾಲೆಗೂ ಸೇರಿಲ್ಲವೆಂದೇ ಅರ್ಥ. ಟೀಚರ್ ದಿನಕ್ಕೊಮ್ಮೆ ಆ ಕಪಾಟು ತೆರೆದು ನೋಡುತ್ತಿದ್ದರು.

ಇತ್ತ ಎರಡನೇ ವಾರದ ಪಟ್ಟಿಗಳು ಬಂದವು. ಟೀಚರ್ ಸಹಿಯ ಅಂಕಣವನ್ನು ಹೊಡೆದು ಹಾಕಿಸಿದ್ದರು, ಆದರೆ ದೇವಿಕಾಳ ಕಥೆ ಪ್ರತಿ ಮನೆಯನ್ನೂ ಮುಟ್ಟಿತ್ತು. ಮಕ್ಕಳೆಲ್ಲ ಒಬ್ಬರನ್ನೊಬ್ಬರು ಕೇಳಿಕೊಂಡವರಂತೆ ಒಂದೇ ಉತ್ತರ ಬರೆದಿದ್ದರು: ಫೋನ್ ಕೆಳಗಿಟ್ಟದ್ದು ಎಂಟು, ಮಲಗಿದ್ದು ಒಂಬತ್ತು, ಎದ್ದದ್ದು ಐದೂವರೆ. ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಸನ್ಯಾಸಿಗಳು. ಹತ್ತೂವರೆಯ ಹಾಳೆಯಲ್ಲಿ ಮಾತ್ರ ಸುಳ್ಳು ಬರೆಯಲು ಬರುವುದಿಲ್ಲವಲ್ಲ. ಅರವತ್ತರಲ್ಲಿ ಸರಾಸರಿ ಹನ್ನೊಂದು ಏಳುಗಳು ಹೋದ ವಾರದಂತೆಯೇ ತಪ್ಪಿಹೋಗುತ್ತಿದ್ದವು. ಆಕಳಿಕೆಯ ಸಾಲೂ ಹಿಂದಿನ ಬೆಂಚಿನವರೆಗೆ ಮೊದಲಿನಂತೆಯೇ ಸಾಗುತ್ತಿತ್ತು.

ನಿಜ ಬರೆಯಿರಿ ಎನ್ನಲು ಟೀಚರ್‌ಗೂ ಈಗ ಧೈರ್ಯವಿರಲಿಲ್ಲ. ಬರೆದ ಮೇಲೆ ಏನಾಗುತ್ತದೆ ಎಂಬುದಕ್ಕೆ ಎರಡನೇ ಬೆಂಚಿನ ಖಾಲಿ ಜಾಗವೇ ಇತ್ತು.

ತಾಲೂಕು ವಿಜ್ಞಾನ ಪ್ರದರ್ಶನಕ್ಕೆ ಈ ಪ್ರಾಜೆಕ್ಟನ್ನೇ ಕಳಿಸೋಣ ಎಂದು ವಿರುಪಾಕ್ಷಪ್ಪನವರು ಹೇಳಿದರು. ನಿದ್ದೆ ಸರಾಸರಿ ಎರಡೂವರೆ ತಾಸು ಹೆಚ್ಚಾಗಿದೆ, ಇದಕ್ಕಿಂತ ಇನ್ನೇನು ಬೇಕು ಎಂಬುದು ಅವರ ಸಂತೋಷ. ಬೇಡವೆಂದರೆ ಇಡೀ ತರಗತಿ ಸುಳ್ಳು ಬರೆದಿದೆ ಎಂದು ಹೇಳಬೇಕಾಗುತ್ತದೆ; ಹೇಳಿದರೆ ಮೂವತ್ತೆಂಟು ಮನೆಗಳಲ್ಲಿ ವಿಚಾರಣೆ. ಟೀಚರ್ ಒಪ್ಪಿಕೊಂಡರು. ಚಾರ್ಟಿನ ತಳದಲ್ಲಿ, ಎರಡನೇ ವಾರದ ನಿದ್ದೆಯ ಅಂಕಿಗಳನ್ನು ನಂಬುವಂತಿಲ್ಲ, ಗಮನದ ಪರೀಕ್ಷೆಯಲ್ಲಿ ಬದಲಾವಣೆ ಕಂಡಿಲ್ಲ, ಎಂದು ಎರಡು ಸಾಲು ಮಾತ್ರ ಬರೆಸಿದರು. ತೀರ್ಪುಗಾರರು ಅಲ್ಲಿಯವರೆಗೆ ಓದಲಿಲ್ಲ. ಪ್ರಾಜೆಕ್ಟಿಗೆ ಎರಡನೇ ಬಹುಮಾನ ಬಂತು. ಪ್ರಮಾಣಪತ್ರ ಹಿಡಿದು ಫೋಟೊ ತೆಗೆಸಿಕೊಳ್ಳುವಾಗ ಟೀಚರ್‌ಗೆ ನಾಚಿಕೆಯಾಯಿತು.

ಮುಂದಿನ ಭಾನುವಾರ ಅವರು ವರ್ಗಾವಣೆ ಪತ್ರವನ್ನು ಚೀಲದಲ್ಲಿ ಇಟ್ಟುಕೊಂಡು ಸಂಡೂರಿನ ಬಸ್ ಹತ್ತಿದರು. ಪಾಲಕರು ಬಂದು ಒಯ್ಯಬೇಕಾದ ಕಾಗದವನ್ನು ತಾವೇ ಮುಟ್ಟಿಸಿ, ಸೋಮವಾರವೇ ಅಲ್ಲಿನ ಶಾಲೆಗೆ ಸೇರಿಸಿಬಿಡಬೇಕು ಎಂಬ ಆಸೆ. ಚೆನ್ನಬಸಮ್ಮ ಚಹಾ ಕೊಟ್ಟು ಕಾಗದ ತೆಗೆದುಕೊಂಡಳು. ನೋಡೋಣರಿ, ಅಣ್ಣನ್ನ ಕೇಳಬೇಕು, ವರ್ಷ ಹ್ಯಾಂಗೂ ಮುಗೀತು, ಎಂದು ಅದನ್ನು ದೇವರ ಫೋಟೊದ ಹಿಂದೆ ಸಿಕ್ಕಿಸಿದಳು. ಅದು ಅಲ್ಲಿಂದ ಹೊರಗೆ ಬರುವುದಿಲ್ಲ ಎಂದು ಟೀಚರ್‌ಗೆ ಗೊತ್ತಾಗಿಹೋಯಿತು.

ದೇವಿಕಾ ಅತ್ತೆಯ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿನವರೆಗೂ ಕಳಿಸಲು ಬಂದಳು. ಸೊರಗಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಫೋನ್ ಇಲ್ಲ, ಎಂಟಕ್ಕೆಲ್ಲ ದೀಪ ಆರಿಸುತ್ತಾರೆ, ಆದರೂ ನಿದ್ದೆ ಹತ್ತುವುದಿಲ್ಲ ಎಂದು ಕೇಳದೆಯೇ ಹೇಳಿದಳು. ಪ್ರಾಜೆಕ್ಟ್ ಏನಾಯಿತು ಎಂದು ಕೇಳಿದಳು. ಬಹುಮಾನ ಬಂತು ಎಂದಾಗ ಅವಳ ಮುಖದಲ್ಲಿ ನಿಜವಾದ ಸಂತೋಷವೇ ಕಂಡಿತು, ಅದನ್ನು ನೋಡಲು ಟೀಚರ್‌ಗೆ ಆಗಲಿಲ್ಲ. ಉಳಿದವರೆಲ್ಲ ಏನು ಬರೆದರು ಎಂದು ಕೇಳಿದಳು. ಟೀಚರ್ ಅವಳಿಗೆ ಸುಳ್ಳು ಹೇಳಲಾರದೆ, ಎಲ್ಲರೂ ಒಂಬತ್ತು ಗಂಟೆ ಎಂದು ಬರೆದರು ಎಂದರು.

ಹುಡುಗಿ ಕೂಸನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಿಸಿಕೊಂಡಳು. ಹೊಸಪೇಟೆ ಬಸ್ಸು ಬಂದು ನಿಂತಿತ್ತು, ಜನ ಏರುತ್ತಿದ್ದರು.

“ಟೀಚರ್,” ಎಂದಳು, “ನಾನೂ ಒಂಬತ್ತು ಅಂತ ಬರೀಬೇಕಿತ್ತೇನ್ರಿ?”

ಹೌದು ಎಂದರೆ ತಾವು ಇಷ್ಟು ವರ್ಷ ಕಲಿಸಿದ್ದೆಲ್ಲ ಹೋಯಿತು. ಇಲ್ಲ ಎನ್ನೋಣವೆಂದರೆ ಎದುರಿಗೆ ಅವಳು ಕೂಸನ್ನು ಎತ್ತಿಕೊಂಡು ನಿಂತಿದ್ದಾಳೆ. ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಅನುಸೂಯಾ ಟೀಚರ್ ಬಸ್ ಹತ್ತಿದರು.